“ರೂಮ್ ರೇಟ್ ಎಷ್ಟು ಮೇಡಂ?”: ತೋಟದ ಪುಟಕ್ಕೆ ನಾಲ್ಕು ಸಾಲು ಬಯೊ ಬರೆಯಲು ಹಿಡಿದ ಏಳು ವಾರ

ಸೋಮವಾರಪೇಟೆ ಕಡೆ ನಮ್ಮದು ನಾಲ್ಕು ಎಕರೆ ಅರೇಬಿಕಾ. ನಡುವೆ ಸಿಲ್ವರ್ ಮರಗಳು, ಅವಕ್ಕೆ ಹಬ್ಬಿಸಿದ ಮೆಣಸು. ಎರಡು ವರ್ಷದಿಂದ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ನಡೆಸುತ್ತಿದ್ದೇನೆ. ಆ ವಾರ ತೋಟದಲ್ಲಿ ಏನು ಕೆಲಸ ನಡೆಯುತ್ತಿದೆಯೋ ಅದೇ ವಿಡಿಯೊ. ನಮ್ಮಂಥ ಸಣ್ಣ ಬೆಳೆಗಾರರು ನೋಡಲಿ ಅಂತ.

ಆದರೆ ಇನ್‌ಬಾಕ್ಸ್ ತೆರೆದರೆ ಬೇರೆಯೇ ಲೋಕ. “ರೂಮ್ ರೇಟ್ ಎಷ್ಟು ಮೇಡಂ?” “ಶನಿವಾರ ನಾಲ್ಕು ಜನಕ್ಕೆ ಸಿಗುತ್ತಾ?” “ಕ್ಯಾಂಪ್ ಫೈರ್ ಇದೆಯಾ?” ನಮ್ಮಲ್ಲಿ ಬೆಂಕಿ ಅಂತ ಇರೋದು ಬಚ್ಚಲ ಒಲೆ ಮಾತ್ರ. ಮೊದಮೊದಲು ನಗುತ್ತಿದ್ದೆವು. ಬಯೊದಲ್ಲಿ ನನ್ನ ಮೊಬೈಲ್ ನಂಬರ್ ಬೇರೆ ಹಾಕಿದ್ದೆ. ರಾತ್ರಿ ಹನ್ನೊಂದಕ್ಕೆ ಬೆಂಗಳೂರಿನವರ ಫೋನ್ ಬಂದು, “ನಾವು ಕುಶಾಲನಗರ ದಾಟಿದ್ದೇವೆ, ಲೊಕೇಶನ್ ಕಳಿಸಿ” ಅಂದ ಮೇಲೆ ನಮ್ಮನೆಯವರು ನಗುವುದು ಬಿಟ್ಟರು. ನಂಬರ್ ಅವತ್ತೇ ತೆಗೆದೆ. ವ್ಯಾಪಾರ ಇಲ್ಲದಿದ್ದರೆ ಬಯೊದಲ್ಲಿ ನಂಬರ್ ಹಾಕಬೇಡಿ, ಅದೊಂದು ಮೊದಲೇ ಹೇಳಿಬಿಡುತ್ತೇನೆ.

ಇದನ್ನು ಸರಿಮಾಡಲೇಬೇಕು ಅನ್ನಿಸಿದ್ದು ಏಪ್ರಿಲ್ ಕೊನೆಯಲ್ಲಿ, ಒಂದು ಮದುವೆ ಊಟದ ಪಂಕ್ತಿಯಲ್ಲಿ. ಪಕ್ಕದಲ್ಲಿ ಕೂತಿದ್ದ ಶನಿವಾರಸಂತೆ ಕಡೆಯ ಹುಡುಗ, “ಅಕ್ಕ, ನಿಮ್ಮ ಬೋರ್ಡೋ ದ್ರಾವಣದ ವಿಡಿಯೊ ಯಾರೋ ಕಳಿಸಿದ್ರು. ಚೆನ್ನಾಗಿತ್ತು. ಇನ್ನೂ ಏನಾದ್ರೂ ಇರಬಹುದು ಅಂತ ನಿಮ್ಮ ಪುಟಕ್ಕೆ ಬಂದೆ. ಹೋಮ್‌ಸ್ಟೇದು ಅಂದ್ಕೊಂಡು ವಾಪಸ್ ಹೋದೆ” ಅಂದ. ಅವನಿಗೆ ಮೂರು ಎಕರೆ ಕಾಫಿ ಇದೆ. ನಾನು ವಿಡಿಯೊ ಮಾಡುತ್ತಿರೋದೇ ಅವನಂಥವರಿಗೆ. ಪಾಯಸ ಬಡಿಸಿದ್ದೂ ಗೊತ್ತಾಗಲಿಲ್ಲ ನನಗೆ.

ಮನೆಗೆ ಬಂದು ಮಗಳ ಫೋನಿನಲ್ಲಿ ನನ್ನ ಪುಟ ತೆರೆದೆ. ನಮ್ಮ ಫೋನಿನಲ್ಲಿ ನಮಗೆ ಕಾಣೋ ಪುಟವೇ ಬೇರೆ, ಬರೋರಿಗೆ ಕಾಣೋದೇ ಬೇರೆ. ನಮಗೆ ತಿದ್ದುವ ಬಟನ್, ಲೆಕ್ಕ ನೋಡುವ ಬಟನ್ ಎಲ್ಲ ನಡುವೆ ಬರುತ್ತವೆ. ಬೇರೆಯವರ ಫೋನಿನಲ್ಲಿ ಕಂಡದ್ದು ಇಷ್ಟು. ಹೆಸರಿನ ಜಾಗದಲ್ಲಿ Coorg ಅಂತ ಶುರುವಾಗುವ ಹೆಸರು. ಕೆಳಗೆ “ಪ್ರಕೃತಿ ಪ್ರೇಮಿ | ಮಳೆ, ಮಂಜು, ಕಾಫಿ | ಹಸಿರೇ ಉಸಿರು” ಅಂತ ಬಯೊ. ಅದರ ಕೆಳಗೆ ಪಿನ್ ಮಾಡಿದ ಮೂರು ವಿಡಿಯೊ: ಮಲ್ಲಳ್ಳಿ ಜಲಪಾತ, ರಾತ್ರಿ ತೋಟಕ್ಕೆ ನುಗ್ಗಿದ ಆನೆ, ಕಳಲೆ ಪಲ್ಯ. ನಾನೇ ಹೊರಗಿನವಳಾಗಿದ್ದರೂ ರೂಮ್ ರೇಟ್ ಕೇಳುತ್ತಿದ್ದೆ.

ಆ ಮೂರನ್ನು ಪಿನ್ ಮಾಡಿದ್ದು ಅವು ಅತಿ ಹೆಚ್ಚು ಓಡಿದ್ದವು ಅಂತ. ಎಲ್ಲರೂ ಮಾಡೋದು ಅದನ್ನೇ, ಅಲ್ವಾ? ಆದರೆ ಪಿನ್ ಮಾಡಿದರೆ ವಿಡಿಯೊ ಜಾಸ್ತಿ ಜನಕ್ಕೆ ತಲುಪುವುದಿಲ್ಲ. ಪುಟದ ತನಕ ಬಂದವರಿಗೆ ಮೊದಲು ಕಾಣುತ್ತದೆ, ಅಷ್ಟೆ. ಅಂದರೆ ಅದು ಹೊಸಿಲು ದಾಟಲೋ ಬೇಡವೋ ಅಂತ ನಿಂತವರಿಗೆ ತೋರಿಸೋ ಜಾಗ. ಅಲ್ಲಿ ನಾನು ಜಲಪಾತ ತೋರಿಸುತ್ತಿದ್ದೆ.

ಪ್ರತಿ ರೀಲಿನ ಒಳಗೆ ಹೋಗಿ ಲೆಕ್ಕ ನೋಡಿದೆ. ಪ್ರೊಫೆಷನಲ್ ಅಕೌಂಟ್ ಆಗಿದ್ದರೆ ಆ ರೀಲ್ ನೋಡಿ ಎಷ್ಟು ಜನ ಫಾಲೋ ಮಾಡಿದರು, ಎಷ್ಟು ಜನ ಸೇವ್ ಮಾಡಿಟ್ಟುಕೊಂಡರು ಅನ್ನೋದು ಅಲ್ಲೇ ಸಿಗುತ್ತದೆ. ಆನೆ ವಿಡಿಯೊ ಒಂದು ಲಕ್ಷ ಎಂಬತ್ತು ಸಾವಿರ ಸಲ ಓಡಿತ್ತು. ಅದರಿಂದ ಬಂದ ಫಾಲೋ 41. ಬೋರ್ಡೋ ವಿಡಿಯೊ ಓಡಿದ್ದು ಆರು ಸಾವಿರ. ಫಾಲೋ 130, ಸೇವ್ ಅದಕ್ಕೂ ಹೆಚ್ಚು. ಎರಡು ವರ್ಷ ಈ ಲೆಕ್ಕ ನನ್ನ ಕೈಯಲ್ಲೇ ಇತ್ತು. ನಾನು ನೋಡುತ್ತಿದ್ದದ್ದು ಬರೀ ಎಷ್ಟು ಓಡಿತು ಅನ್ನೋದನ್ನ.

ಮೊದಲು ಹೆಸರಿಗೆ ಕೈ ಹಾಕಿದೆ. ಅಲ್ಲೇ ಎಡವಿದ್ದು. ಇನ್‌ಸ್ಟಾಗ್ರಾಮಿನಲ್ಲಿ ಯೂಸರ್‌ನೇಮ್ ಬೇರೆ, ಅದರ ಜೊತೆ ದಪ್ಪ ಅಕ್ಷರದಲ್ಲಿ ಕಾಣೋ ಹೆಸರು ಬೇರೆ. ಹುಡುಕುವಾಗ ಈ ಎರಡೂ ಲೆಕ್ಕಕ್ಕೆ ಬರುತ್ತವೆ. ಅದಕ್ಕೇ ಆ ಹೆಸರಿನ ಜಾಗದಲ್ಲಿ ನಮ್ಮ ಹೆಸರಿಗಿಂತ ನಮ್ಮ ವಿಷಯ ಇರೋದು ಒಳ್ಳೆಯದು. Coorg ತೆಗೆದು “ಕಾಫಿ ತೋಟದ ಕೆಲಸ” ಅಂತ ಹಾಕಿದೆ. ಖುಷಿಯಾಯಿತು. ಮೈಸೂರಿನಲ್ಲಿರುವ ಚಿಕ್ಕಮ್ಮನ ಮಗಳಿಗೆ ಹುಡುಕಿ ನೋಡು ಅಂದೆ. ಸಿಗಲಿಲ್ಲ. ಅವಳು ಇಂಗ್ಲಿಷ್ ಅಕ್ಷರದಲ್ಲಿ coffee thota ಅಂತ ಬರೆದು ಹುಡುಕುತ್ತಿದ್ದಳು. ಕನ್ನಡದಲ್ಲಿ ಮಾತಾಡಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋದು ನಾವೆಲ್ಲ ಮಾಡೋದೇ. ಸರಿ ಅಂತ ಅವಸರದಲ್ಲಿ ಎರಡೂ ಸೇರಿಸಿದೆ. ಸೇವ್ ಮಾಡಿದ ಮೇಲೆ ಮಗಳು ನೋಡಿ, “ಅಮ್ಮ, Cofee ಅಂತ ಬರೆದಿದ್ದೀಯ, ಒಂದು ಎಫ್ ಬಿಟ್ಟಿದ್ದೀಯ” ಅಂದಳು.

ತಿದ್ದೋಣ ಅಂದರೆ ಆಗಲಿಲ್ಲ. ಹದಿನಾಲ್ಕು ದಿನದಲ್ಲಿ ಎರಡು ಸಲ ಮಾತ್ರ ಈ ಹೆಸರು ಬದಲಿಸಬಹುದು. ನನ್ನ ಎರಡೂ ಮುಗಿದಿದ್ದವು. ಆ ಎರಡು ವಾರ ನನ್ನ ಪುಟ ಒಂದು ಎಫ್ ಇಲ್ಲದೆ ನಿಂತಿತ್ತು. ನಮ್ಮ ಮಾವ ದಿನಾ ಬೆಳಿಗ್ಗೆ, “ನಿನ್ನ ಅಕ್ಷರ ಬಂತೇನಮ್ಮ?” ಅಂತ ಕೇಳೋರು. ಹೆಸರನ್ನು ಮೊದಲು ಕಾಗದದ ಮೇಲೆ ಬರೆದು, ಇನ್ನೊಬ್ಬರಿಗೆ ಓದಿಸಿ, ಆಮೇಲೆ ಟೈಪ್ ಮಾಡಿ. ಈಗ ಇರೋದು “ಕಾಫಿ ತೋಟದ ಕೆಲಸ | Kodagu Coffee Thota”. Coorg ಬೇಕಂತಲೇ ಬಿಟ್ಟೆ. ರಜಾ ಕಳೆಯಲು ಬರೋರು ಹುಡುಕುವ ಮಾತು ಅದು. ತೋಟದವರು ಕೊಡಗು ಅಂತಲೇ ಹುಡುಕುತ್ತಾರೆ ಅನ್ನೋದು ನನ್ನ ಅಂದಾಜು. ಹುಡುಕಿ ಬರೋರ ಸಂಖ್ಯೆ ಇದರಿಂದ ಕಮ್ಮಿಯಾಗಬಹುದು. ಆಗಲಿ.

ಕಾಯುವ ಆ ಹದಿನಾಲ್ಕು ದಿನದಲ್ಲಿ ಬಯೊ ಬರೆಯಲು ಕೂತೆ. ಬಯೊಗೆ 150 ಅಕ್ಷರ ಮಿತಿ. ಇಂಗ್ಲಿಷಿನಲ್ಲಿ ಅದು ಸಾಕಷ್ಟು. ಕನ್ನಡದಲ್ಲಿ ಬರೆಯುವಾಗ ಅಷ್ಟು ಬೇಗ ಹೇಗೆ ಮುಗಿಯಿತು ಅಂತ ನನಗೆ ಗೊತ್ತೇ ಆಗಿರಲಿಲ್ಲ. ಮಗಳು ಬಿಡಿಸಿ ಹೇಳಿದಳು. ನಾವು ಒಂದು ಅಕ್ಷರ ಅಂತ ಓದೋದನ್ನು ಫೋನು ತುಂಡು ತುಂಡಾಗಿ ಎಣಿಸುತ್ತದೆ. ವ್ಯಂಜನ ಒಂದು, ಅದರ ಸ್ವರಚಿಹ್ನೆ ಒಂದು, ಒತ್ತಕ್ಷರ ಬಂದರೆ ನಡುವೆ ಅರ್ಧ ಮಾಡುವ ಗುರುತು ಇನ್ನೊಂದು. “ಪ್ರಕೃತಿ” ಕಣ್ಣಿಗೆ ಮೂರು ಅಕ್ಷರ, ಫೋನಿಗೆ ಏಳು. “ಮಳೆ” ಕಣ್ಣಿಗೆ ಎರಡು, ಫೋನಿಗೆ ಮೂರು. ಒತ್ತು ಕಮ್ಮಿ ಇರೋ ಪದ ಹಿಡಿದರೆ ಜಾಗ ಉಳಿಯುತ್ತದೆ. ನಮ್ಮ ಪುಣ್ಯ, ತೋಟದ ಮಾತುಗಳೆಲ್ಲ ಹಗುರ: ತೋಟ, ಮೆಣಸು, ಮಳೆ, ಗಿಡ, ಕಣ.

ಮೊದಲ ಕರಡು ಹೀಗಿತ್ತು: “ಕಾಫಿ ಕೃಷಿಯ ಸಂಪೂರ್ಣ ಮಾಹಿತಿ, ರೈತರ ಅನುಭವ, ಮಲೆನಾಡಿನ ಜೀವನ”. ಕೇಳೋಕೆ ಚೆಂದ. ಆದರೆ ಸಂಪೂರ್ಣ ಮಾಹಿತಿ ನನ್ನ ಹತ್ತಿರ ಎಲ್ಲಿದೆ? ರೊಬಸ್ಟಾ ಬಗ್ಗೆ ನನಗೆ ಗೊತ್ತಿರೋದು ಅಷ್ಟಕ್ಕಷ್ಟೆ. ನಮ್ಮನೆಯವರು ಓದಿ, “ಇದು ಯಾವುದೋ ಇಲಾಖೆ ಬೋರ್ಡಿನ ಹಾಗಿದೆ” ಅಂದರು. ಎರಡನೆಯದು ಪೂರಾ ಉಲ್ಟಾ. “ಅತ್ತೆ, ಮಾವ, ನಾಲ್ಕು ಎಕರೆ, ಒಂದಿಷ್ಟು ನಗು” ಅಂತ. ಓದಿದರೆ ಧಾರಾವಾಹಿ.

ಅಷ್ಟರಲ್ಲಿ ಮೇ ತಿಂಗಳು. ಗೊಬ್ಬರದ ಅಂಗಡಿ ಮುಂದೆ ಸಾಲು. ಕಾಯುತ್ತಾ ನಿಂತಾಗ ಹೊಳೆಯಿತು, ನನ್ನ ಪುಟ ಯಾರಿಗೆ ಬೇಕೋ ಅವರೆಲ್ಲ ಇಲ್ಲೇ ನಿಂತಿದ್ದಾರಲ್ಲ. ಮಗಳ ಅಕೌಂಟಿನಲ್ಲಿ ಪುಟ ತೆರೆದು, ಹಿಂದೆ ನಿಂತಿದ್ದವರ ಕೈಗೆ ಫೋನ್ ಕೊಟ್ಟೆ. ಮನಸ್ಸಿನಲ್ಲೇ ಐದು ಎಣಿಸಿ ಫೋನ್ ವಾಪಸ್ ತಗೊಂಡೆ. “ಅಣ್ಣ, ಇದು ಏತರ ಪುಟ? ಯಾರಿಗೆ ಅನ್ನಿಸ್ತು?” ಅಂತ ಎರಡೇ ಪ್ರಶ್ನೆ. ಹೀಗೆ ಆರು ಜನರನ್ನು ಕೇಳಿದೆ. ಇಬ್ಬರು ಟೂರಿಸ್ಟ್ ಅಂದರು. ಒಬ್ಬರು ಅಡುಗೆ ಅಂದರು. ಒಬ್ಬರು ನರ್ಸರಿನಾ ಅಂತ ಕೇಳಿದರು. ಒಬ್ಬರು ಮಾತ್ರ “ಕಾಫಿದು” ಅಂದರು. ಆರನೆಯವರು ಕನ್ನಡಕ ತಂದಿರಲಿಲ್ಲ.

ಆ ಕೊನೆಯವರಿಂದ ಕಲಿತದ್ದೇ ಜಾಸ್ತಿ. ಅವರು ತಮ್ಮ ಫೋನನ್ನೇ ತೆಗೆದು ಅದರಲ್ಲಿ ನೋಡಿದರು. ಅದರಲ್ಲಿ ಅಕ್ಷರ ದೊಡ್ಡದು ಮಾಡಿಟ್ಟಿದ್ದರು. ನನ್ನ ಬಯೊ ಎರಡು ಸಾಲು ಕಂಡು, ಆಮೇಲೆ more ಅಂತ ಬಂದು ನಿಂತಿತ್ತು. ಅದನ್ನು ಒತ್ತಿ ಉಳಿದದ್ದು ಓದುವಷ್ಟು ತಾಳ್ಮೆ ಯಾರಿಗಿರುತ್ತದೆ? ಹೇಳಲೇಬೇಕಾದ ಮಾತು ಮೊದಲ ಎರಡು ಸಾಲಿನಲ್ಲಿ ಮುಗಿಯಬೇಕು ಅಂತ ಅಲ್ಲೇ ತೀರ್ಮಾನವಾಯಿತು. ಮನೆಯವರನ್ನು, ಗೆಳತಿಯರನ್ನು ಈ ಪರೀಕ್ಷೆಗೆ ಕೂರಿಸಬೇಡಿ. ಅವರಿಗೆ ಉತ್ತರ ಮೊದಲೇ ಗೊತ್ತು.

ಕೊನೆಗೆ ನಿಂತ ಬಯೊ ಇದು:

ಕೊಡಗಿನ 4 ಎಕರೆ ಕಾಫಿ, ಮೆಣಸು ತೋಟ
ಸಣ್ಣ ಬೆಳೆಗಾರರಿಗೆ ಈ ವಾರದ ಕೆಲಸ
ಪ್ರತಿ ಭಾನುವಾರ ಒಂದು ವಿಡಿಯೊ
ಹೋಮ್‌ಸ್ಟೇ ಇಲ್ಲ

ಫೋನಿನ ಲೆಕ್ಕದಲ್ಲಿ ನೂರರ ಒಳಗೆ ಇದೆ. ಮೊದಲ ಸಾಲು ಏನು, ಎಲ್ಲಿ ಅಂತ. ಎರಡನೆಯದು ಯಾರಿಗೆ ಅಂತ. “4 ಎಕರೆ” ಅನ್ನೋದು ನನಗೆ ಬಹಳ ಮುಖ್ಯ. ನೂರು ಎಕರೆ ಎಸ್ಟೇಟಿನವರ ಮಾತಲ್ಲ ಇದು, ನಮ್ಮಂಥವರದ್ದೇ ಅಂತ ಆ ಒಂದು ಅಂಕಿ ಹೇಳಿಬಿಡುತ್ತದೆ. ನಾಲ್ಕನೆಯ ಸಾಲಿಗೆ ಅತ್ತೆ ಒಪ್ಪಿರಲಿಲ್ಲ. “ಇಲ್ಲ ಅಂತ ಬಾಗಿಲಲ್ಲೇ ಬರೆಯೋದಾ?” ಅಂದರು. ಅವರ ಮಾತಿಗೆ ಬೆಲೆ ಕೊಟ್ಟು ಒಂದು ವಾರ ತೆಗೆದಿಟ್ಟೆ. ಆ ವಾರ ಹನ್ನೊಂದು ಜನ ರೂಮ್ ಕೇಳಿದರು. ಸಾಲು ವಾಪಸ್ ಬಂತು. ಹೆಸರಿನ ಕೆಳಗೆ ಡಿಜಿಟಲ್ ಕ್ರಿಯೇಟರ್ ಅಂತ ಬೂದು ಬಣ್ಣದಲ್ಲಿ ಕಾಣುತ್ತಿದ್ದ ಸಾಲನ್ನು ಮರೆಮಾಡಿದೆ. ಅದರಿಂದ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಾಲ್ಕು ಲಿಂಕ್ ಇದ್ದವು, ಯೂಟ್ಯೂಬಿನದು ಒಂದೇ ಉಳಿಸಿದೆ.

ಇನ್ನು ಪಿನ್. ಇಲ್ಲಿ ಮೂರೇ ಜಾಗ. ಯಾವ ವಿಡಿಯೊ ನನಗೆ ಇಷ್ಟ ಅಂತ ನೋಡದೆ, ಆ ಶನಿವಾರಸಂತೆ ಹುಡುಗ ಪುಟಕ್ಕೆ ಬಂದಾಗ ಅವನ ತಲೆಯಲ್ಲಿ ಏನು ಓಡುತ್ತಿತ್ತು ಅಂತ ಯೋಚಿಸಿದೆ. ಇವರು ಯಾರು? ಇಲ್ಲಿಂದ ನನಗೇನು ಸಿಗುತ್ತದೆ? ಈಗ, ಈ ತಿಂಗಳು ಏನಾದರೂ ಇದೆಯಾ? ಮೂರು ಪ್ರಶ್ನೆಗೆ ಮೂರು ವಿಡಿಯೊ.

ಎರಡನೆಯ ಪ್ರಶ್ನೆಗೆ ಉತ್ತರ ಸಿದ್ಧವಾಗಿತ್ತು, ಬೋರ್ಡೋ ವಿಡಿಯೊ. ಮಳೆಗೆ ಮುಂಚೆ ಕೊಳೆರೋಗಕ್ಕೆ ಹೊಡೆಯುವ ಶೇಕಡಾ ಒಂದರ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಕಲಸಿದ ಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು. ಚಾಕುವಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಹತ್ತಿದ ಚಾಕುವಿನ ಚಿತ್ರವನ್ನೇ ಕವರ್ ಮಾಡಿದೆ. ಬೆಳೆಗಾರರಿಗೆ ನೋಡಿದ ತಕ್ಷಣ ಗೊತ್ತಾಗುತ್ತದೆ. ಟೂರಿಸ್ಟ್‌ಗಳಿಗೆ ಏನೂ ಗೊತ್ತಾಗಲ್ಲ. ಅದೇ ಬೇಕಿತ್ತು.

ಮೊದಲ ಪ್ರಶ್ನೆಗೆ ಹೊಸ ವಿಡಿಯೊ ಮಾಡಬೇಕಾಯಿತು. ಅದು ಐದು ಸಲ ಕೆಟ್ಟಿತು. ಮೊದಲ ಸಲ “ಎಲ್ಲರಿಗೂ ನಮಸ್ಕಾರ ಸ್ನೇಹಿತರೇ, ನಮ್ಮ ಪುಟಕ್ಕೆ ಸ್ವಾಗತ” ಅನ್ನೋದರಲ್ಲೇ ಏಳೆಂಟು ಸೆಕೆಂಡ್ ಹೋಯಿತು. ಎರಡನೆಯ ಸಲ ಶೀಟಿನ ಮೇಲೆ ಮಳೆ ಸುರಿದು ನನ್ನ ಮಾತೇ ಕೇಳಿಸಲಿಲ್ಲ. ಆಮೇಲಿನವು ಉದ್ದವಾದವು. ಕೊನೆಗೆ ನನ್ನ ಮುಖ ಬಿಟ್ಟು ಮಾವನ ಕೈಯಿಂದ ಶುರು ಮಾಡಿದೆ. ಮಾವ ದಿನಾ ಬೆಳಿಗ್ಗೆ ಎಂಟಕ್ಕೆ ಅಂಗಳದ ಮಳೆಮಾಪಕದ ನೀರು ಅಳೆದು, ಹಳೇ ಲೆಕ್ಕದ ಪುಸ್ತಕದಲ್ಲಿ ಇಂಚು, ಇಂಚಿನ ನೂರರಲ್ಲೊಂದು ಪಾಲಾದ ಸೆಂಟ್ ಅಂತ ಬರೆಯುತ್ತಾರೆ. ವಿಡಿಯೊ ಶುರುವಾದಾಗ ಅವರ ಬೆರಳು, ಪೆನ್ನು, “1 ಇಂಚು 35 ಸೆಂಟ್”. ಮೇಲೆ ನನ್ನ ದನಿ: “ನಮ್ಮದು ನಾಲ್ಕು ಎಕರೆ. ಈ ವಾರ ಇಷ್ಟು ಮಳೆ ಬಂದರೆ ತೋಟದಲ್ಲಿ ಏನು ಕೆಲಸ ಮಾಡ್ತೀವಿ, ಅದನ್ನ ಪ್ರತಿ ಭಾನುವಾರ ಇಲ್ಲಿ ತೋರಿಸ್ತೀವಿ.” ಒಟ್ಟು 32 ಸೆಕೆಂಡ್. ದನಿ ಮುಚ್ಚಿಟ್ಟು ನೋಡೋರು ಬಹಳ ಜನ ಇರುತ್ತಾರೆ, ಅದಕ್ಕೆ ಅದೇ ಮಾತನ್ನು ಅಕ್ಷರದಲ್ಲೂ ಹಾಕಿದೆ. ನಮ್ಮ ಕಡೆ ತೋಟದವರಿಗೆ ಇಂಚು, ಸೆಂಟ್ ಅಂದ ಕೂಡಲೇ ಕಿವಿ ನಿಮಿರುತ್ತದೆ. ಪರಿಚಯ ಬೇರೆ ಬೇಡ.

ಮೂರನೆಯದು ಆ ಕಾಲಕ್ಕೆ ತಕ್ಕ ವಿಡಿಯೊ. ಇದರಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ಕಾಫಿ ರೇಟಿನ ಬಗ್ಗೆ ಮಾತಾಡಿದ್ದ ಒಂದು ವಿಡಿಯೊ ಚೆನ್ನಾಗಿ ಓಡಿತ್ತು, ಅದನ್ನೇ ಪಿನ್ ಮಾಡಿದೆ. ಅದು ಹೋದ ವರ್ಷದ್ದು. ಪಿನ್ ಆದ ವಿಡಿಯೊ ಮೇಲೆ ಇರುವುದರಿಂದ ಜನ ಅದನ್ನು ಇವತ್ತಿನದು ಅಂದುಕೊಂಡರು. “ಯಾವ ಅಂಗಡಿಯಲ್ಲಿ ಈ ರೇಟು ಕೊಡ್ತಾರೆ ಹೇಳಿ, ಚೀಲ ತಗೊಂಡು ಬರ್ತೀವಿ” ಅಂತ ಒಬ್ಬರು ಬೈದರು. ಬೈದದ್ದು ಸರಿಯೇ. ದಿನಕ್ಕೊಂದು ಸಲ ಬದಲಾಗೋ ಸಂಗತಿಯನ್ನು ಪಿನ್ ಮಾಡಬಾರದು. ಈಗ ಅಲ್ಲಿ ಮೆಣಸಿನ ಬಳ್ಳಿ ನೆಡುವ ವಿಡಿಯೊ ಇದೆ, ಜೂನ್, ಜುಲೈ ಕೆಲಸ.

ಇಷ್ಟರ ನಡುವೆ ಕವರ್ ಚಿತ್ರದ ಪ್ರಸಂಗ. ಚೆನ್ನಾಗಿ ಕಾಣಲಿ ಅಂತ ಡಿಸೈನ್ ಮಾಡೋ ಒಬ್ಬರಿಗೆ 1,200 ರೂಪಾಯಿ ಕೊಟ್ಟು ಕವರ್ ಮಾಡಿಸಿದೆ. ಅವರು ರೀಲಿನ ಪೂರ್ತಿ ಉದ್ದಕ್ಕೆ, ಅಂದರೆ 1080ಕ್ಕೆ 1920ರ ಅಳತೆಗೆ ಮಾಡಿ, ಶೀರ್ಷಿಕೆಯನ್ನು ತೀರ ಮೇಲೆ ಬರೆದುಕೊಟ್ಟರು. ರೀಲ್ ತೆರೆದರೆ ಚೆಂದ. ಪುಟದಲ್ಲಿ ನೋಡಿದರೆ ಶೀರ್ಷಿಕೆಯೇ ಇಲ್ಲ. ಪುಟದ ಚೌಕಟ್ಟು ಮೂರಕ್ಕೆ ನಾಲ್ಕರ ಅಳತೆಯದು. ಮೇಲಿನಿಂದ 240, ಕೆಳಗಿನಿಂದ 240 ಪಿಕ್ಸೆಲ್ ಕತ್ತರಿಸಿ ಹೋಗುತ್ತದೆ. ಉಳಿದದ್ದರಲ್ಲೂ ಬಲಗಡೆ ಮೇಲೆ ಪಿನ್ನಿನ ಗುರುತು ಬರುತ್ತದೆ, ಎಡಗಡೆ ಕೆಳಗೆ ಎಷ್ಟು ಜನ ನೋಡಿದರು ಅನ್ನೋ ಅಂಕಿ. ನಿಜವಾಗಿ ಬರೆಯಲು ಸಿಗೋದು ನಡುವಿನ ಜಾಗ ಮಾತ್ರ. 1,200 ರೂಪಾಯಿ ಬಚ್ಚಲ ಒಲೆಗೆ ಹಾಕಿದ ಹಾಗಾಯಿತು. ಆಮೇಲೆ ನಾನೇ ಫೋನಿನಲ್ಲಿ ನಡುಮಧ್ಯಕ್ಕೆ ಎರಡೋ ಮೂರೋ ಪದ ಬರೆದು ಕವರ್ ಮಾಡಿದೆ. “ಈ ತೋಟ”, “ಬೋರ್ಡೋ ಕಲಸೋದು”, “ಬಳ್ಳಿ ನೆಡೋದು”. ಹಾಕಿ ಆಗಿರೋ ರೀಲಿನ ಕವರನ್ನೂ ಎಡಿಟ್‌ಗೆ ಹೋಗಿ ಬದಲಿಸಬಹುದು, ವಿಡಿಯೊ ಅಳಿಸಿ ಮತ್ತೆ ಹಾಕಬೇಕಿಲ್ಲ. ಇದು ಗೊತ್ತಿಲ್ಲದೆ ಒಂದನ್ನು ಅಳಿಸಿಯೇಬಿಡುತ್ತಿದ್ದೆ, ಮಗಳು ತಡೆದಳು.

ಕೊನೆಯ ಗೊಂದಲ ಸಾಲಿನದು. ಪರಿಚಯ ಮೊದಲು, ಬೋರ್ಡೋ ಆಮೇಲೆ, ಬಳ್ಳಿ ಕೊನೆಗೆ ಅಂತ ಕ್ರಮವಾಗಿ ಪಿನ್ ಮಾಡಿದೆ. ಪುಟದಲ್ಲಿ ಎಲ್ಲ ತಿರುಗುಮುರುಗು. ಕೊನೆಗೆ ಪಿನ್ ಮಾಡಿದ್ದು ಎಡಗಡೆ ಮೊದಲು ಬಂದು ಕೂರುತ್ತದೆ. ಮೂರನ್ನೂ ತೆಗೆದು, ಹಿಂದಿನಿಂದ ಮುಂದಕ್ಕೆ ಪಿನ್ ಮಾಡಬೇಕು. ಎರಡು ನಿಮಿಷದ ಕೆಲಸ. ಅವತ್ತು ಗಾಳಿಗೆ ಮರ ಬಿದ್ದು ಕರೆಂಟ್ ಇರಲಿಲ್ಲ, ಟವರೂ ಹೋಗಿತ್ತು. ಸಿಗ್ನಲ್ ಸಿಗೋ ತೋಟದ ಮೇಲಿನ ಬರೆಗೆ ಕೊಡೆ ಹಿಡಿದು ಹತ್ತಿ, ಒಂದು ಪಿನ್ ತೆಗೆದು, ಮತ್ತೆ ಕಾದು, ಇನ್ನೊಂದು ತೆಗೆದು, ಇಳಿಯುವಾಗ ಕತ್ತಲಾಗಿತ್ತು. ಕಾಲಿಗೆ ಜಿಗಣೆ ಬೇರೆ.

ಯೂಟ್ಯೂಬಿನಲ್ಲಿ ಇಷ್ಟು ಕಷ್ಟ ಆಗಲಿಲ್ಲ. ಅಲ್ಲಿ ವಿವರಣೆಗೆ 1000 ಅಕ್ಷರ ಜಾಗ ಇದೆ, ಆದರೆ ಮೇಲೆ ಕಾಣೋದು ಶುರುವಿನ ಒಂದು ತುಣುಕು ಮಾತ್ರ. ಹಾಗಾಗಿ ಅದೇ ಮೊದಲ ಎರಡು ಸಾಲನ್ನು ಅಲ್ಲಿಯೂ ತಲೆಯಲ್ಲೇ ಹಾಕಿದೆ. ಅಲ್ಲಿನ ಒಂದು ಅನುಕೂಲ ಏನೆಂದರೆ ಸಬ್‌ಸ್ಕ್ರೈಬ್ ಆಗದವರಿಗೆ ಒಂದು ವಿಡಿಯೊ, ಆದವರಿಗೆ ಬೇರೆ ವಿಡಿಯೊ ಮೇಲೆ ತೋರಿಸಬಹುದು. ಹೊಸಬರಿಗೆ ಮಾವನ ಮಳೆ ಪುಸ್ತಕ, ಹಳಬರಿಗೆ ಆ ತಿಂಗಳ ಕೆಲಸ. ಸ್ಟುಡಿಯೊದ ಕಸ್ಟಮೈಸೇಶನ್ ಭಾಗದಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ ಇದೆ. ವಿಡಿಯೊ ಮಾತ್ರ ಫೋನ್ ಅಡ್ಡ ಹಿಡಿದು ಇನ್ನೊಂದು ಸಲ ತೆಗೆದೆ. ಮಾವ ಆ ದಿನ ಎರಡು ಸಲ ಮಳೆ ಅಳೆದರು.

ಜೂನ್ ಮಧ್ಯದಲ್ಲಿ ಮತ್ತೆ ಅದೇ ಗೊಬ್ಬರದ ಅಂಗಡಿ, ಬೇರೆ ಆರು ಜನ. ಐದು ಜನ “ಕಾಫಿ ತೋಟದ್ದು” ಅಂದರು. ಅದರಲ್ಲಿ ಮೂವರು “ನಮ್ಮಂಥೋರಿಗೆ” ಅಂತ ಸೇರಿಸಿದರು. ಆರನೆಯವರು, “ಈ ಮಳೆಮಾಪಕ ಎಲ್ಲಿ ತಗೊಂಡ್ರಿ?” ಅಂತ ಕೇಳಿದರು. ಫಾಲೋ ಲೆಕ್ಕ ನೋಡಿದೆ. ಪುಟಕ್ಕೆ ಬರೋರ ಸಂಖ್ಯೆ ಮೊದಲಿಗಿಂತ ಸ್ವಲ್ಪ ಕಮ್ಮಿ, ಜಲಪಾತಕ್ಕೆ ಬಂದವರು ಈಗ ಬರುತ್ತಿಲ್ಲ. ಬಂದ ನೂರರಲ್ಲಿ ಫಾಲೋ ಮಾಡೋರು ಮೊದಲು ಮೂರು ನಾಲ್ಕು ಜನ, ಈಗ ಹತ್ತರ ಆಸುಪಾಸು. ಇದರಲ್ಲಿ ಬಯೊದ ಪಾಲೆಷ್ಟು, ಮಳೆ ಶುರುವಾಗಿ ಎಲ್ಲರೂ ತೋಟದ ವಿಡಿಯೊ ಹುಡುಕುತ್ತಿರೋದರ ಪಾಲೆಷ್ಟು ಅಂತ ಬಿಡಿಸಿ ಹೇಳೋಕೆ ಬರಲ್ಲ.

ನವೆಂಬರಿನಲ್ಲಿ ಹಣ್ಣು ಕುಯ್ಯೋದು ಶುರುವಾದಾಗ ಮೂರನೆಯ ಪಿನ್ ಬದಲಿಸಬೇಕು, ಕಣದಲ್ಲಿ ಒಣಗಿಸೋ ವಿಡಿಯೊಗೆ. ಮರೆಯದಿರಲಿ ಅಂತ ಮಾವನ ಮಳೆ ಪುಸ್ತಕದ ಕೊನೆ ಹಾಳೆಯಲ್ಲಿ ಬರೆಸಿದ್ದೇನೆ. ನಿನ್ನೆ ರಾತ್ರಿ ಒಂದು ಮೆಸೇಜ್ ಬಂತು. “ಮೇಡಂ, ಹೋಮ್‌ಸ್ಟೇ ಇಲ್ಲ ಅಂತ ನೋಡಿದೆ. ಟೆಂಟ್ ಹಾಕೋಕೆ ಜಾಗ ಸಿಗುತ್ತಾ?”